ಫ್ಲೋಟ್ ಅಂಕಣದಲ್ಲಿ ಆಣೆಯ ಲೆಕ್ಕ

ಬಂದಳಿಕೆಯ ಸುತ್ತಿನ ಶಿಕಾರಿಪುರ, ಸೊರಬ ತಾಲ್ಲೂಕುಗಳ ಅಡಿಕೆ ವರ್ತಕರಲ್ಲಿ ಅನೇಕರು ಸ್ಥಳೀಯವಾಗಿ ಬರೆಸಿದ ಬಿಲ್ಲಿಂಗ್ ತಂತ್ರಾಂಶವನ್ನು ಬಳಸುತ್ತಾರೆ. ಬಿಲ್ಲುಗಳ ಮೊತ್ತಕ್ಕೂ ಖಾತೆಯ ಮೊತ್ತಕ್ಕೂ ಕೆಲವು ಪೈಸೆಗಳ ವ್ಯತ್ಯಾಸ ಕಂಡಾಗ ಗುಮಾಸ್ತರನ್ನು ದೂರುವುದು ವಾಡಿಕೆ. ಅದಕ್ಕೂ ಮೊದಲು ಹಣದ ಅಂಕಣವನ್ನು ಯಾವ ಬಗೆಯಲ್ಲಿ ಘೋಷಿಸಲಾಗಿದೆ ಎಂದು ವಿಚಾರಿಸುವುದು ಒಳಿತು.

ಅಡಿಕೆಯ ಒಂದು ಬಿಲ್ಲು 5,87,412.35 ರೂಪಾಯಿ ಎಂದಿಟ್ಟುಕೊಳ್ಳೋಣ. 4 ಬೈಟಿನ ಫ್ಲೋಟ್ ಅಂಕಣವು ಸಂಖ್ಯೆಯನ್ನು ದ್ವಿಮಾನದಲ್ಲಿ, 24 ಬಿಟ್‌ಗಳೊಳಗೆ ಹಿಡಿದಿಡುತ್ತದೆ. ರೂಪಾಯಿಯ ಭಾಗಗಳೆಲ್ಲ ಅದಕ್ಕೆ ಅರ್ಧ, ಕಾಲು, ಅರೆಕಾಲು, ವೀಸ ಎಂಬ ಕ್ರಮದಲ್ಲೇ ದೊರೆಯುತ್ತವೆ. ಮೊತ್ತ 5,24,288ನ್ನು ದಾಟಿದೊಡನೆ ಅದರ ಅತಿ ಚಿಕ್ಕ ಹೆಜ್ಜೆ ರೂಪಾಯಿಯ ಹದಿನಾರನೆಯ ಒಂದು ಭಾಗ. ಅಂದರೆ 1957ರಲ್ಲಿ ದಶಮಾಂಶ ನಾಣ್ಯ ಬರುವ ಮುನ್ನ ಇದ್ದ ಒಂದು ಆಣೆ! 35 ಪೈಸೆಗೆ ಹತ್ತಿರದ್ದು ಆರು ಆಣೆ, ಎಂದರೆ 37.5 ಪೈಸೆ. ಬಿಲ್ಲು 5,87,412.375 ಆಗಿ ಕುಳಿತುಕೊಳ್ಳುತ್ತದೆ.

ಕೂಡಿಸುವಾಗ ಸ್ಥಿತಿ ಇನ್ನೂ ಕೆಡುತ್ತದೆ. ಮೊತ್ತ ದ್ವಿಗುಣವಾದಂತೆ ಹೆಜ್ಜೆಯೂ ದ್ವಿಗುಣ. ವರ್ಷದ ವಹಿವಾಟು ಒಂದು ಕೋಟಿ ಮುಟ್ಟಿದಾಗ ಹೆಜ್ಜೆ ಪೂರ್ಣ ಒಂದು ರೂಪಾಯಿ. ಆಗ 212.40ರ ಬಿಲ್ಲನ್ನು ಕೂಡಿಸಿದರೆ ಸೇರುವುದು 212 ಮಾತ್ರ. ಅದೇ ಬಿಲ್ಲುಗಳನ್ನು ಬೇರೆ ಕ್ರಮದಲ್ಲಿ ಕೂಡಿಸಿದಾಗ ಬೇರೆ ಮೊತ್ತ ಬಂದರೆ, ರೋಗ ಇದೇ ಎಂದು ತಿಳಿಯಬಹುದು.

8 ಬೈಟಿನ ಡಬಲ್ ಸಾಕಲ್ಲವೇ ಎಂದು ತಂತ್ರಾಂಶದವರು ವಾದಿಸುವುದುಂಟು. ಕೋಟಿಗಳಲ್ಲೂ ಅದು ಪೈಸೆಯನ್ನು ಕಳೆಯದು, ನಿಜ. ಆದರೆ ತೆರಿಗೆಯ ಅರ್ಧ ಪೈಸೆಯಲ್ಲಿ ಎಡವುತ್ತದೆ. 40.20 ರೂಪಾಯಿಗೆ ಶೇ. 2.5ರ ಕೇಂದ್ರ ಜಿಎಸ್‌ಟಿ 1.005. ಇದು 1.01 ಆಗಬೇಕು. ಡಬಲ್‌ನಲ್ಲಿ 1.005 ಎಂಬುದು 1.00499999… ಆಗಿ ನಿಲ್ಲುವುದರಿಂದ 1.00ಕ್ಕೆ ಇಳಿಯುವ ಸಂಭವವಿದೆ. ಆದ್ದರಿಂದ ನನ್ನ ಅಭಿಪ್ರಾಯದಲ್ಲಿ ಡಬಲ್ ಕೂಡ ಸಲ್ಲದು, ಅಂಕಣ ಹೀಗಿರಬೇಕು:

```sql
amount DECIMAL(12,2) NOT NULL
```

ಒಟ್ಟು ಹನ್ನೆರಡು ಅಂಕಿಗಳು, ಅದರಲ್ಲಿ ಎರಡು ಪೈಸೆಗೆ. ಸಾವಿರ ಕೋಟಿಗೆ ಒಂದು ಪೈಸೆ ಕಡಿಮೆಯವರೆಗೆ ಚಾಚೂ ತಪ್ಪದ ಲೆಕ್ಕ. ನಮ್ಮ ಪೇಟೆಗೆ ಧಾರಾಳವಾಯಿತು. ಅಂಕಣ ಬದಲಿಸಿಯೂ, ಪ್ರೋಗ್ರಾಮು ಅದನ್ನು ಫ್ಲೋಟ್ ಆಗಿ ಓದಿ ಕೂಡಿಸಿದರೆ ಪ್ರಯೋಜನವಿಲ್ಲ. ಹಿಂದೆ ಕಳೆದ ಪೈಸೆಗಳೂ ತಾವಾಗಿ ಮರಳವು. ಅವನ್ನು ಮೂಲ ಬಿಲ್ಲುಗಳನ್ನು ನೋಡಿಯೇ ತಿದ್ದಬೇಕು.

ಡೆಸಿಮಲ್ ಬಗೆಹರಿಸದ ಪ್ರಶ್ನೆಯೊಂದು ಉಳಿಯುತ್ತದೆ: ತೆರಿಗೆಯನ್ನು ಸಾಲುಸಾಲಿಗೆ ಪೂರ್ಣಗೊಳಿಸಬೇಕೋ, ಬಿಲ್ಲಿನ ಒಟ್ಟು ಮೊತ್ತದ ಮೇಲೋ? 40.20ರ ಎರಡು ಸಾಲುಗಳಿಗೆ ಮೊದಲನೆಯ ಕ್ರಮದಲ್ಲಿ 2.02, ಎರಡನೆಯದರಲ್ಲಿ 2.01 ಬರುತ್ತದೆ. ಇದನ್ನು ವರ್ತಕರೂ ಅವರ ಲೆಕ್ಕಪರಿಶೋಧಕರೂ ನಿರ್ಧರಿಸಿ ತಂತ್ರಾಂಶದವರಿಗೆ ಬರೆದು ಕೊಡಬೇಕು.