ತಿದ್ದಿದ ಮೇಲೆ ಒಂದು ಮಾತು

ಬಸವಕಲ್ಯಾಣಕ್ಕೆ ಸಮೀಪದ ಮೋರಖಂಡಿಯಂಥ ಊರಿನ ಶಾಲೆಯೊಂದರಲ್ಲಿ, ಆರನೆಯ ತರಗತಿಯ ಬಾಲಕಿಯೊಬ್ಬಳ ನೋಟುಪುಸ್ತಕ ತೆರೆದುಕೊಂಡಿದೆಯೆಂದು ಭಾವಿಸೋಣ. ಮನೆಮಾತು ಮರಾಠಿ. ಪುಟದಲ್ಲಿ ಮೂರು ವಾಕ್ಯಗಳ ಕೆಳಗೆ ಕೆಂಪು ಗೆರೆ ಬಿದ್ದಿದೆ: “ಇದು ನನ್ನ ಪುಸ್ತಕ ಇಲ್ಲ.” “ಇದು ನಮ್ಮ ಹೊಲ ಇಲ್ಲ.” “ಇದು ತೊಗರಿ ಇಲ್ಲ, ಉದ್ದು.” ಮೂರು ಕಡೆಯೂ ಉಪಾಧ್ಯಾಯರು ‘ಇಲ್ಲ’ವನ್ನು ಹೊಡೆದು, ಮೇಲೆ ‘ಅಲ್ಲ’ ಎಂದು ಬರೆದಿದ್ದಾರೆ. ತಿದ್ದುಪಡಿ ಸರಿಯಾಗಿಯೇ ಇದೆ, ಅಕ್ಷರವೂ ದುಂಡಗಿದೆ. ಬಾಲಕಿ ಮೂರನ್ನೂ ಐದೈದು ಸಲ ಬರೆದು ಒಪ್ಪಿಸುತ್ತಾಳೆ.

ಮುಂದಿನ ವಾರದ ಪುಟದಲ್ಲಿ ಹೀಗಿದೆ: “ಇದು ನಮ್ಮ ಅಂಗಡಿಯಲ್ಲಿ ಅಲ್ಲ.” “ಇದು ಚೆನ್ನಾಗಿ ಅಲ್ಲ.” “ಅವರು ನಮ್ಮ ಕಾಕಾ ಇಲ್ಲ.” ಮತ್ತೆ ಮೂರೂ ತಪ್ಪು. ಮೊದಲೆರಡರಲ್ಲಿ ‘ಇಲ್ಲ’ ಬೇಕಿತ್ತು, ಮೂರನೆಯದರಲ್ಲಿ ‘ಅಲ್ಲ’. “ಹೋದ ವಾರವಷ್ಟೇ ತಿದ್ದಿಕೊಟ್ಟಿದ್ದೆನಲ್ಲ, ಲಕ್ಷ್ಯವೇ ಇಲ್ಲ!” ಎಂದು ಉಪಾಧ್ಯಾಯರು ಬೇಸರಪಡುತ್ತಾರೆ.

ಆದರೆ ಬಾಲಕಿಯಲ್ಲಿ ಲಕ್ಷ್ಯಕ್ಕೆ ಕೊರತೆ ಇರಲಿಲ್ಲ. ಲಕ್ಷ್ಯವಿಟ್ಟು ನೋಡಿದ್ದರಿಂದಲೇ ಅವಳು ಎಡವಿದಳು. ತಿದ್ದಿದ ಮೂರು ವಾಕ್ಯಗಳೂ ‘ಇದು’ ಎಂದು ಮೊದಲಾಗಿದ್ದವು. ‘ಇದು ಎಂದು ಆರಂಭಿಸಿದರೆ ಕೊನೆಗೆ ಅಲ್ಲ ಬರಬೇಕು, ಅವರು ಎಂದರೆ ಇಲ್ಲ’ ಎಂದು ಅವಳು ತಾನೇ ಒಂದು ನಿಯಮವನ್ನು ಕಟ್ಟಿಕೊಂಡಳು. ಕಾರಣ ಹೇಳದೆ ತಿದ್ದಿದರೆ ಕಲಿಯುವವರ ಮನಸ್ಸು ಕಾರಣವಿಲ್ಲದೆ ಸುಮ್ಮನೆ ಕೂಡುವುದಿಲ್ಲ. ತನಗೆ ತೋಚಿದ ಕಾರಣವನ್ನು ಅಲ್ಲಿ ತುಂಬಿಕೊಳ್ಳುತ್ತದೆ. ಒಂದೇ ತಪ್ಪು ಮತ್ತೆ ಮತ್ತೆ ಬರುವುದಕ್ಕೂ, ಒಂದು ತಪ್ಪು ಹೋಗಿ ಅದರ ತಮ್ಮನಂತೆ ಇನ್ನೊಂದು ಬರುವುದಕ್ಕೂ ಮೂಲ ಇಲ್ಲಿದೆ.

ಮೂರನೆಯ ವಾರ ನಡೆಯುವುದು ಇನ್ನೂ ಗಂಭೀರವಾದುದು. ಪುಟದಲ್ಲಿ ಒಂದೂ ಕೆಂಪು ಗೆರೆಯಿಲ್ಲ. ಉಪಾಧ್ಯಾಯರು ಸಂತೋಷದಿಂದ ‘ಉತ್ತಮ’ ಎಂದು ಬರೆಯುತ್ತಾರೆ. ಸ್ವಲ್ಪ ನಿಂತು ನೋಡಿದ್ದರೆ, ಹತ್ತು ಸಾಲು ಬರೆಯುತ್ತಿದ್ದವಳು ನಾಲ್ಕೇ ಸಾಲು ಬರೆದಿರುವುದೂ, ಆ ನಾಲ್ಕರಲ್ಲಿ ನಿಷೇಧದ ಮಾತೇ ಇಲ್ಲದಿರುವುದೂ ಕಾಣುತ್ತಿತ್ತು. ಅವಳು ತಪ್ಪನ್ನು ಗೆದ್ದಿಲ್ಲ. ತಪ್ಪು ಆಗಬಹುದಾದ ದಾರಿಯನ್ನೇ ಬಿಟ್ಟಿದ್ದಾಳೆ. ಭಾಷೆಯನ್ನು ಕಲಿಯುವ ಮಗು ಹೀಗೆ ಮೆಲ್ಲನೆ ಹಿಂಜರಿಯುವುದು ಅಂಕಪಟ್ಟಿಯಲ್ಲಿ ಕಾಣುವ ವೇಳೆಗೆ ಎರಡು ಮೂರು ವರ್ಷ ಕಳೆದಿರುತ್ತದೆ.

ಈ ಸೀಮೆಯಲ್ಲಿ ಇಂಥ ಮಕ್ಕಳು ವಿರಳವಲ್ಲ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿ ಉರ್ದು ಇಲ್ಲಿ ಆಡಳಿತದ ಭಾಷೆಯಾಗಿತ್ತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರ ಜಿಲ್ಲೆಯ ಉದಗೀರ, ನಿಲಂಗಾ ಮೊದಲಾದ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು. ಕಲ್ಯಾಣ, ಹುಮನಾಬಾದಗಳು ಮೈಸೂರು ರಾಜ್ಯಕ್ಕೆ ಬಂದವು. ಗಡಿರೇಖೆ ನೆಲದ ಮೇಲೆ ಬಿದ್ದಿತೇ ಹೊರತು ಮನೆಗಳ ನಡುವೆ ಬೀಳಲಿಲ್ಲ. ಒಂದೇ ಓಣಿಯಲ್ಲಿ ಕನ್ನಡ, ಮರಾಠಿ, ದಖನಿ ಮೂರೂ ಇಂದಿಗೂ ಕೇಳುತ್ತವೆ. ಆದುದರಿಂದ ಇಲ್ಲಿಯ ಮಗುವಿನ ಕನ್ನಡದ ತಪ್ಪು ಅನೇಕ ವೇಳೆ ಇನ್ನೊಂದು ಭಾಷೆಯ ಸರಿಯೇ ಆಗಿರುತ್ತದೆ.

ನಮ್ಮ ಬಾಲಕಿಯ ತಪ್ಪನ್ನೇ ನೋಡಿ. ‘ಹೇ ಮಾಝೇ ಪುಸ್ತಕ ನಾಹೀ’ ಎಂದರೆ ಇದು ನನ್ನ ಪುಸ್ತಕವಲ್ಲ. ‘ಪುಸ್ತಕ ಘರಾತ ನಾಹೀ’ ಎಂದರೆ ಪುಸ್ತಕ ಮನೆಯಲ್ಲಿ ಇಲ್ಲ. ಆಡುಮಾತಿನ ಮರಾಠಿಯಲ್ಲಿ ಎರಡಕ್ಕೂ ‘ನಾಹೀ’ ಒಂದೇ ಸಾಕು. ಉರ್ದುವಿನ ‘ನಹೀಂ’ ಸಹ ಹಾಗೆಯೇ. ಕನ್ನಡವೋ ಈ ಒಂದು ಕೆಲಸವನ್ನು ಇಬ್ಬರಿಗೆ ಹಂಚಿದೆ. ವಸ್ತುವಿನ ಇರವನ್ನು ಅಲ್ಲಗಳೆಯುವುದು ‘ಇಲ್ಲ’. ಒಂದು ಇನ್ನೊಂದಾಗಿರುವುದನ್ನು ಅಲ್ಲಗಳೆಯುವುದು ‘ಅಲ್ಲ’. ಮರಾಠಿಯ ಗ್ರಂಥಭಾಷೆಯಲ್ಲಿ ‘ನವ್ಹೇ’ ಎಂಬ ರೂಪ ನಮ್ಮ ‘ಅಲ್ಲ’ದ ಸ್ಥಾನದಲ್ಲಿಯೇ ನಿಲ್ಲುತ್ತದೆ. ಆ ಮನೆಯ ಅಜ್ಜಿಯ ಬಾಯಲ್ಲಿ ಅದು ಇನ್ನೂ ಉಳಿದಿದ್ದರೆ ಉಪಾಧ್ಯಾಯರ ಕೆಲಸ ಅರ್ಧ ಮುಗಿದಂತೆ.

ಇಷ್ಟನ್ನೂ ಮಗುವಿಗೆ ಹೇಳಬೇಕಾಗಿಲ್ಲ, ಹೇಳಬಾರದು ಸಹ. ‘ಅಸ್ತಿತ್ವ’, ‘ತಾದಾತ್ಮ್ಯ’, ‘ನಿಷೇಧಾರ್ಥಕ’ ಎಂದು ತೊಡಗಿದರೆ ಕಾರಣವೇ ಹೊಸದೊಂದು ಪಾಠವಾಗಿ ಬಿಡುತ್ತದೆ. ಕಾರಣ ಒಂದೇ ಸಾಲಿನದಾಗಿರಬೇಕು. ಮಗು ತಾನೇ ಪರೀಕ್ಷಿಸಿ ನೋಡುವಂತಿರಬೇಕು. ಅಂಥದೊಂದು ಇದು: “ಇಲ್ಲ, ಅಲ್ಲ ಎರಡನ್ನೂ ತೆಗೆದು ಓದು. ಮಾತು ಪೂರ್ತಿಯಾಗಿ ನಿಂತರೆ ಅಲ್ಲ. ಅರ್ಧಕ್ಕೆ ತೂಗಾಡಿದರೆ ಇಲ್ಲ.”

ಈ ಸಾಲನ್ನು ಹಿಡಿದುಕೊಂಡು ಬಾಲಕಿ ಮತ್ತೆ ತನ್ನ ಪುಟಕ್ಕೆ ಬರಲಿ. “ಇದು ನನ್ನ ಪುಸ್ತಕ” — ಪೂರ್ತಿಯಾಗಿದೆ, ಇನ್ನೇನೂ ಬೇಡ, ಆದ್ದರಿಂದ ‘ಅಲ್ಲ’. “ಅವರು ನಮ್ಮ ಕಾಕಾ” — ಇದೂ ಪೂರ್ತಿ, ‘ಅಲ್ಲ’. “ಇದು ನಮ್ಮ ಅಂಗಡಿಯಲ್ಲಿ” — ಅಂಗಡಿಯಲ್ಲಿ ಏನಾಯಿತು? ಮಾತು ತೂಗಾಡುತ್ತದೆ, ‘ಇದೆ’ ಎಂಬ ಆಸರೆ ಬೇಕು, ಆದ್ದರಿಂದ ‘ಇಲ್ಲ’. “ಇದು ಚೆನ್ನಾಗಿ” — ಇದೂ ತೂಗಾಡುತ್ತದೆ, ‘ಚೆನ್ನಾಗಿಲ್ಲ’. ‘ಬರಲಿಲ್ಲ’, ‘ಬರುವುದಿಲ್ಲ’ಗಳಲ್ಲಿ ‘ಇಲ್ಲ’ ಏಕೆಂಬುದೂ ಹೆಚ್ಚು ದೂರವಿಲ್ಲ: ಅವು ಅಲ್ಲಗಳೆಯುವುದು ‘ಬಂದನು’, ‘ಬರುತ್ತಾನೆ’ ಎಂಬ ಕ್ರಿಯೆಗಳನ್ನು, ಕ್ರಿಯಾಪದವನ್ನು ತೆಗೆದರೆ ಮಾತು ನಿಲ್ಲದು.

ಈ ಸೀಮೆಯಲ್ಲಿ ಒಂದು ತೊಡಕುಂಟು. ಇಲ್ಲಿಯ ಆಡುನುಡಿಯಲ್ಲಿ “ಇದು ನಮ್ಮ ಮನಿ ಅದ” ಎನ್ನುವುದು ಸಹಜ. “ಗುರುಗಳ, ನಮ್ಮ ಕಡೆ ಎರಡರಾಗೂ ಅದ ಬರತದಲ್ಲ?” ಎಂದು ಚುರುಕಾದ ಮಗು ಕೇಳಿಯೇ ಕೇಳುತ್ತದೆ. ಅದನ್ನು ಗದರಿಸಿ ಕೂಡಿಸಬಾರದು. ಪ್ರಶ್ನೆ ಬಂತೆಂದರೆ ಕಾರಣ ಒಳಗೆ ಇಳಿಯಿತೆಂದೇ ಅರ್ಥ. “ಆ ‘ಅದ’ವನ್ನೂ ತೆಗೆದು ನೋಡು. ‘ಇದು ನಮ್ಮ ಮನಿ’ — ಅರ್ಥವಾಯಿತೋ ಇಲ್ಲವೋ? ಆದರೆ ‘ಇದು ನಮ್ಮ ಮನ್ಯಾಗ’ ಎಂದರೆ?” ಎಂದು ಮರುಪ್ರಶ್ನೆ ಹಾಕಿದರೆ ಸಾಕು. “ಮನೆಯಲ್ಲಿ ಅಲ್ಲ, ಹೊಲದಲ್ಲಿ” ಎಂಬ ಉತ್ತರವನ್ನು ಯಾರಾದರೂ ಎತ್ತಿದರೆ, ಅದರ ಹಿಂದೆ “ಅವನು ಇರುವುದು ಮನೆಯಲ್ಲಿ” ಎಂಬ ಪೂರ್ತಿ ಮಾತು ಅಡಗಿದೆಯೆಂದು ತೋರಿಸಬಹುದು. ಹೀಗೆ ಅಪವಾದದಂತೆ ಕಾಣುವುದನ್ನೂ ತನ್ನೊಳಗೆ ಸೇರಿಸಿಕೊಳ್ಳುವ ಕಾರಣವೇ ಒಳ್ಳೆಯ ಕಾರಣ. ‘ಮನುಷ್ಯರಿಗೆ ಇಲ್ಲ, ವಸ್ತುವಿಗೆ ಅಲ್ಲ’ ಎಂದು ಆತುರದಲ್ಲಿ ಹೇಳಿಬಿಟ್ಟ ಕಾರಣ ಎರಡೇ ದಿನಗಳಲ್ಲಿ ಒಡೆಯುತ್ತದೆ. ಒಡೆದ ಮೇಲೆ ಮಗು ಮುಂದಿನ ಕಾರಣವನ್ನೂ ನಂಬುವುದಿಲ್ಲ.

ಕಲ್ಯಾಣದ ಸೀಮೆಗೆ ಈ ಕ್ರಮ ಹೊಸದೇನೂ ಅಲ್ಲ. ‘ಕರ್ಣಾಟಕ ಭಾಷಾಭೂಷಣ’ವನ್ನು ಬರೆದ ಎರಡನೆಯ ನಾಗವರ್ಮನು ಚಾಲುಕ್ಯ ಜಗದೇಕಮಲ್ಲನ ಕಟಕೋಪಾಧ್ಯಾಯನಾಗಿದ್ದನೆಂದು ಪ್ರಸಿದ್ಧಿ. ಕನ್ನಡಕ್ಕೆ ಸಂಸ್ಕೃತದಲ್ಲಿ ಬರೆದ ಆ ವ್ಯಾಕರಣದಲ್ಲಿ ಮೊದಲು ಸೂತ್ರ, ಅದನ್ನು ಬಿಡಿಸಿ ಹೇಳುವ ಚಿಕ್ಕ ವೃತ್ತಿ, ಆಮೇಲೆ ಕನ್ನಡದ ಉದಾಹರಣೆ. 13ನೆಯ ಶತಮಾನದಲ್ಲಿ ಕೇಶಿರಾಜನು ‘ಶಬ್ದಮಣಿದರ್ಪಣ’ವನ್ನು ಕನ್ನಡದಲ್ಲಿಯೇ ಬರೆದಾಗಲೂ ಸೂತ್ರವನ್ನು ಒಂಟಿಯಾಗಿ ಬಿಡಲಿಲ್ಲ, ವೃತ್ತಿಯನ್ನೂ ಪ್ರಯೋಗವನ್ನೂ ಜೊತೆಗಿಟ್ಟನು. ಕೆಂಪು ಮಸಿಯ ತಿದ್ದುಪಡಿಯೊಂದೇ ಇದ್ದರೆ ಅದು ವೃತ್ತಿಯಿಲ್ಲದ ಸೂತ್ರ. ಪಕ್ಕದ ಒಂದು ಸಾಲು ಅದರ ವೃತ್ತಿ. ಮಗು ತಾನಾಗಿ ಬರೆಯುವ ಹೊಸ ವಾಕ್ಯ ಅದರ ಪ್ರಯೋಗ.

ಈಚಿನ ಪರೀಕ್ಷೆಗಳೂ ಇದನ್ನೇ ಸೂಚಿಸುತ್ತವೆ. 2007ರಲ್ಲಿ ಯಂಗ್‌ಹೀ ಶೀನ್ ಎಂಬ ಸಂಶೋಧಕಿ, ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿಯುತ್ತಿದ್ದವರು ‘ಎ’, ‘ದಿ’ಗಳಲ್ಲಿ ಮಾಡುವ ತಪ್ಪುಗಳನ್ನು ಕುರಿತು ಪ್ರಯೋಗ ನಡೆಸಿದರು. ಒಂದು ಗುಂಪಿಗೆ ತಿದ್ದುಪಡಿ ಮಾತ್ರ. ಇನ್ನೊಂದಕ್ಕೆ ತಿದ್ದುಪಡಿಯೊಡನೆ ಚಿಕ್ಕ ಕಾರಣ. ಎರಡು ಗುಂಪುಗಳೂ ಮುಂದುವರಿದವು. ಆದರೆ ಕೆಲವು ವಾರಗಳ ಅನಂತರ ಮತ್ತೆ ಪರೀಕ್ಷಿಸಿದಾಗ ಕಾರಣ ಪಡೆದವರು ಮುಂದಿದ್ದರು. ಕಾರಣದ ಫಲ ಕಾಣುವುದು ತಿದ್ದಿದ ದಿನ ಅಲ್ಲ, ದಿನ ಕಳೆದ ಮೇಲೆ.

ಹಾಗೆಂದು ಪ್ರತಿಯೊಂದು ಗೆರೆಗೂ ಕಾರಣ ಬರೆಯಹೊರಡುವುದು ವ್ಯರ್ಥ. ಪಿಟ್ ಕಾರ್ಡರ್ ಎಂಬ ಭಾಷಾಶಾಸ್ತ್ರಜ್ಞರು 1967ರಲ್ಲಿಯೇ ಕೈತಪ್ಪನ್ನೂ ತಿಳಿವಳಿಕೆಯ ತಪ್ಪನ್ನೂ ಬೇರೆಬೇರೆಯಾಗಿ ಎಣಿಸಬೇಕೆಂದರು. ಗುರುತಿಸುವುದು ಸುಲಭ: ತಿದ್ದದೆ ಬರಿಯ ಗೆರೆ ಎಳೆದು ಕೊಡಿ. ಮಗು ತಾನೇ ಸರಿಪಡಿಸಿದರೆ ಅದು ಕೈತಪ್ಪು. ಅಲ್ಲಿ ಕಾರಣ ಬೇಡ. ಗೆರೆಯನ್ನು ನೋಡಿಯೂ ಕಣ್ಣು ಮಿಟುಕಿಸುತ್ತ ಕುಳಿತರೆ, ಅಥವಾ ಒಂದು ತಪ್ಪನ್ನು ಅಳಿಸಿ ಇನ್ನೊಂದನ್ನು ಬರೆದರೆ, ಕಾರಣ ಬೇಕು.

ಕೆಲವು ತಪ್ಪುಗಳಿಗೆ ಕಾರಣವೇ ಸಿಗುವುದಿಲ್ಲ. ‘ವಿಧ್ಯಾರ್ಥಿ’ ಎಂದು ಬರೆದವರಿಗೆ “ಒಳಗಿರುವುದು ವಿದ್ಯೆ” ಎಂದರೆ ತಪ್ಪು ನಿಲ್ಲುತ್ತದೆ. ‘ಬಾಷೆ’ ಎಂದು ಬರೆದವರಿಗೆ ಅಂಥ ಕಾರಣವಿಲ್ಲ. ಮರಾಠಿ ಓದಿದ ಮಗುವಾದರೆ “ಅಲ್ಲಿಯ ಭಾಷಾ ಬರೆಯುವಂತೆಯೇ” ಎನ್ನಬಹುದು, ಇಲ್ಲವಾದರೆ “ಇದನ್ನು ಕಣ್ಣಿನಿಂದ ನೆನಪಿಡಬೇಕು” ಎಂದು ಹೇಳಿಬಿಡುವುದೇ ಪ್ರಾಮಾಣಿಕತೆ. ಇಲ್ಲದ ಕಾರಣವನ್ನು ಹೊಸೆದು ಕೊಡಬಾರದು.

ನಲವತ್ತು ನೋಟುಪುಸ್ತಕಗಳ ರಾಶಿಯ ಮುಂದೆ ಕುಳಿತ ಉಪಾಧ್ಯಾಯರಿಗೆ ಇಷ್ಟೆಲ್ಲ ಬರೆಯಲು ಹೊತ್ತೆಲ್ಲಿ? ಒಂದು ಉಪಾಯವುಂಟು. ತರಗತಿಯಲ್ಲಿ ಪದೇ ಪದೇ ಬರುವ ತಪ್ಪುಗಳು ಸಾಮಾನ್ಯವಾಗಿ ಐದಾರು ಬಗೆಯವೇ. ಅವುಗಳ ಕಾರಣಗಳನ್ನು ಒಂದೊಂದು ಸಾಲಿನಂತೆ ಕರಿಹಲಗೆಯ ಮೇಲೆ ಬರೆದು, 1, 2, 3 ಎಂದು ಅಂಕೆ ಕೊಟ್ಟು, ಮಕ್ಕಳು ನೋಟುಪುಸ್ತಕದ ಹಿಂದಿನ ಪುಟದಲ್ಲಿ ಬರೆದುಕೊಳ್ಳುವಂತೆ ಮಾಡಬೇಕು. ಆಮೇಲೆ ಅಂಚಿನಲ್ಲಿ ‘3’ ಎಂದು ಹಾಕಿದರೆ ಸಾಕು. ಮಗು ಪುಟ ಮಗುಚಿ ಕಾರಣವನ್ನು ತಾನೇ ಓದುತ್ತದೆ. ಒಂದು ಪುಟದಲ್ಲಿ ಒಂದೆರಡು ಬಗೆಯ ತಪ್ಪನ್ನಷ್ಟೇ ಹಿಡಿದು, ಉಳಿದುದನ್ನು ಮುಂದಿನ ವಾರಕ್ಕೆ ಬಿಡುವುದೂ ಲೇಸು. ಮನೆಯಲ್ಲಿ ಮಗುವಿನ ಕನ್ನಡವನ್ನು ತಿದ್ದುವ ತಂದೆತಾಯಿಗಳಿಗೆ ಅಂಕೆಯೂ ಬೇಕಿಲ್ಲ. ತಿದ್ದಿ, ಒಂದು ಮಾತಿನಲ್ಲಿ ಕಾರಣ ಹೇಳಿ, “ಇಂಥದೇ ಇನ್ನೊಂದು ಹೇಳು ನೋಡೋಣ” ಎಂದರೆ ಆಯಿತು. ಹಳೆಯ ವಾಕ್ಯವನ್ನೇ ಐದು ಸಲ ಬರೆಸುವುದಕ್ಕಿಂತ ಹೊಸದೊಂದನ್ನು ಒಮ್ಮೆ ಹೇಳಿಸುವುದರಲ್ಲಿ ಲಾಭ ಹೆಚ್ಚು. ಕಾರಣ ತಿಳಿದಿದೆಯೇ ಇಲ್ಲವೇ ಎಂಬುದು ಅಲ್ಲಿಯೇ ಬಯಲಾಗುತ್ತದೆ.

ಹೀಗೆ ನಡೆದ ತರಗತಿಯಲ್ಲಿ ಕೆಲವು ವಾರಗಳಾದ ಮೇಲೆ ಆ ಬಾಲಕಿಯ ಪುಟ ಹೇಗಿರುತ್ತದೆ? ತಪ್ಪೇ ಇಲ್ಲದೆ ಇರುತ್ತದೆಂದು ಹೇಳಲಾಗದು. ಆದರೆ ಸಾಲುಗಳು ಮತ್ತೆ ಹತ್ತಾಗಿರುತ್ತವೆ. ಒಂದು ಕಡೆ “ಇದು ನಮ್ಮ ಬಾವಿ ಇಲ್ಲ” ಎಂದು ಬರೆದು, ತಾನೇ ‘ಇಲ್ಲ’ವನ್ನು ಹೊಡೆದು, ಪಕ್ಕದಲ್ಲಿ ‘ಅಲ್ಲ’ ಎಂದು ಬರೆದಿರುತ್ತಾಳೆ. ಆ ಹೊಡೆದ ಗೆರೆ ಕೆಂಪು ಮಸಿಯದಲ್ಲ, ಅವಳ ಪೆನ್ಸಿಲಿನದು.