"ಐ ಟೋಟಲಿ ಅಗ್ರೀ ವಿತ್ ಯೂ" ಅಂದ್ರೆ ಅಂಕ ಬರಲ್ಲ ಸ್ವಾಮಿ!

ಇಂಗ್ಲಿಷ್ ಮಾತಿನ ಪರೀಕ್ಷೆಗೆ ಹುಡುಗರನ್ನ ತಯಾರು ಮಾಡೋದು ನನ್ನ ಕೆಲಸ. ಬೇರೆ ಕಡೆ ಕೋಚಿಂಗ್ ಮುಗಿಸಿ ನನ್ನ ಹತ್ರ ಬರೋರ ಕೈಯಲ್ಲಿ ಒಂದು ಜೆರಾಕ್ಸ್ ಹಾಳೆ ಇದ್ದೇ ಇರುತ್ತೆ. ಎಡಗಡೆ ಒಪ್ಪೋಕೆ ಹತ್ತು ವಾಕ್ಯ, ಬಲಗಡೆ ಒಪ್ಪದೇ ಇರೋಕೆ ಹತ್ತು ವಾಕ್ಯ. ಬಾಯಿಪಾಠ ಮಾಡ್ಕೊಂಡು ಹೋಗಿ ಒದರಿ ಬನ್ನಿ ಅಂತ ಉಪದೇಶ. ನನ್ನ ಜಗಳ ಈ ಹಾಳೆಯ ಜೊತೆ.

ನಮ್ಮವರು ಹೆಚ್ಚಾಗಿ ಬರೆಯೋದು ಐಇಎಲ್‌ಟಿಎಸ್. ಅಲ್ಲಿ ಪರೀಕ್ಷಕರ ಎದುರು ನೀವೊಬ್ಬರೇ. ಆದ್ರೆ ಕೇಂಬ್ರಿಡ್ಜ್‌ನವರ ಬಿ2 ಫಸ್ಟ್ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಇಬ್ಬರನ್ನ ಜೋಡಿಯಾಗಿ ಕೂರಿಸ್ತಾರೆ. ಒಟ್ಟು 14 ನಿಮಿಷ. ಒಬ್ಬ ಪರೀಕ್ಷಕರು ಮಾತಾಡಿಸ್ತಾರೆ, ಇನ್ನೊಬ್ಬರು ಸುಮ್ಮನೆ ಕೇಳ್ತಾ ಅಂಕ ಹಾಕ್ತಾರೆ. ಮೂರನೇ ಭಾಗದಲ್ಲಿ ಒಂದು ಪ್ರಶ್ನೆ, ಅದರ ಸುತ್ತ ಐದು ವಿಷಯ ಇರೋ ಹಾಳೆ ಕೊಡ್ತಾರೆ. ನೋಡೋಕೆ 15 ಸೆಕೆಂಡ್, ಇಬ್ಬರೂ ಚರ್ಚೆ ಮಾಡೋಕೆ 2 ನಿಮಿಷ, ಆಮೇಲೆ ಒಂದು ತೀರ್ಮಾನದ ಪ್ರಶ್ನೆಗೆ 1 ನಿಮಿಷ. ಜೆರಾಕ್ಸ್ ಹಾಳೆ ಹೊರಗೆ ಬರೋದು ಇಲ್ಲೇ.

ನಾನು ಅಭ್ಯಾಸಕ್ಕೆ ಕೊಡೋ ಒಂದು ಪ್ರಶ್ನೆ ನೋಡಿ: ಲೈಬ್ರರಿಗೆ ಹದಿಹರೆಯದವರು ಬರೋ ಹಾಗೆ ಮಾಡೋದು ಹೇಗೆ? ವೈಫೈ, ಕಾಫಿ, ಸಿನಿಮಾ, ಲೇಖಕರ ಭೇಟಿ, ರಾತ್ರಿವರೆಗೂ ಬಾಗಿಲು ತೆಗೆದಿರೋದು. ಹಾಳೆ ಓದಿದವರ ಮಾತು ಹೀಗಿರುತ್ತೆ (ಕನ್ನಡದಲ್ಲೇ ಹೇಳ್ತೀನಿ):

"ವೈಫೈ ಕೊಟ್ರೆ ಬರ್ತಾರೆ. ನಿನ್ನ ಅಭಿಪ್ರಾಯ ಏನು?"
"ನಾನು ಸಂಪೂರ್ಣವಾಗಿ ಒಪ್ಪುತ್ತೇನೆ. ನನ್ನ ಪ್ರಕಾರ ಕಾಫಿ ಒಳ್ಳೇದು, ಯಾಕಂದ್ರೆ ಕಾಫಿ ಎಲ್ಲರಿಗೂ ಇಷ್ಟ."

ಒಪ್ಪಿದ್ದು ಯಾವುದನ್ನ? ವೈಫೈ ಎಲ್ಲಿ ಹೋಯ್ತು? ಎರಡು ಪುಟ್ಟ ಭಾಷಣಗಳ ನಡುವೆ "ಒಪ್ಪುತ್ತೇನೆ" ಅನ್ನೋ ಗೋಂದು, ಅಷ್ಟೇ. ಎವೆಲಿನಾ ಗಲಾಚಿ ಅನ್ನೋರು ಇದೇ ಪರೀಕ್ಷೆಯ ಜೋಡಿಗಳನ್ನ ಅಧ್ಯಯನ ಮಾಡಿ 2008ರಲ್ಲಿ ಬರೆದ ಪ್ರಬಂಧದಲ್ಲಿ ಇಂಥದಕ್ಕೆ ಸಮಾನಾಂತರ ಮಾತು ಅಂತ ಹೆಸರಿಟ್ಟಿದಾರೆ. ರೈಲು ಹಳಿ ಥರ, ಜೊತೇಲೇ ಇರ್ತವೆ, ಸೇರಲ್ಲ.

ಈಗ ಇದನ್ನ ಕೇಳಿ:

"ವೈಫೈ ಕೊಟ್ರೆ ಬರ್ತಾರೆ."
"ಬರೋದೇನೋ ಬರ್ತಾರೆ, ಪುಸ್ತಕ ಮುಟ್ತಾರಾ?"
"ಮುಟ್ಟದೇ ಇರಬಹುದು. ಆದ್ರೆ ಅಲ್ಲೇ ಕೂತಿರ್ತಾರಲ್ಲ, ಆಗ ಯಾರಾದ್ರೂ ಲೇಖಕರನ್ನ ಕರೆಸಿದ್ರೆ?"
"ಹಾಗಾದ್ರೆ ಸಂಜೆ ಕರೆಸಬೇಕು, ಐದಕ್ಕೇ ಬಾಗಿಲು ಹಾಕಿದ್ರೆ ಆಗಲ್ಲ."

"ಅಗ್ರೀ" ಅನ್ನೋ ಪದಾನೇ ಇಲ್ಲ! ಆದ್ರೆ ಒಪ್ಪಿಗೆ ಇದೆ, ಆಕ್ಷೇಪ ಇದೆ, ಐದರಲ್ಲಿ ಮೂರು ವಿಷಯ ಒಂದಕ್ಕೊಂದು ಹೆಣೆದುಕೊಂಡಿವೆ. ಸಂವಾದಕ್ಕೆ ಅಂತಲೇ ಇರೋ ಅಂಕದ ಪಟ್ಟಿಯಲ್ಲಿ ಮೂರನೇ ಮೆಟ್ಟಿಲಿಗಿಲ್ಲದೆ ಐದನೇದಕ್ಕೆ ಮಾತ್ರ ಇರೋ ಷರತ್ತೇ ಇದು: ನಿಮ್ಮ ಮಾತು ಜೊತೆಗಾರರ ಮಾತಿಗೆ ಕೊಂಡಿ ಹಾಕಿಕೊಂಡಿರಬೇಕು. ಈ ಪಟ್ಟಿ ಯಾರು ಬೇಕಾದರೂ ಓದಬಹುದು. ಹಾಳೆ ಮಾರೋರು ಮಾತ್ರ ಓದಿಲ್ಲ :)

ಬಲಗಡೆಯ ಹತ್ತು ವಾಕ್ಯ ಇನ್ನೂ ಅಪಾಯ. "ಐ ಡಿಸಗ್ರೀ ವಿತ್ ಯೂ" ಅಂತ ಮುಖಕ್ಕೆ ಹೊಡೆದ ಹಾಗೆ ಶುರು ಮಾಡಿಸ್ತಾರೆ. ಇಂಗ್ಲಿಷ್‌ನವರು ಸಾಮಾನ್ಯವಾಗಿ ಒಪ್ಪೋದನ್ನ ಥಟ್ಟನೆ ಹೇಳ್ತಾರೆ, ಒಪ್ಪದ್ದನ್ನ ಚೂರು ತಡೆದು, ಒಂದು "ವೆಲ್" ಹಾಕಿ, ಸುತ್ತಿ ಬಳಸಿ ಹೇಳ್ತಾರೆ. ನಮಗೇನು ಇದು ಹೊಸದಾ? "ಅಲ್ಲಾ... ನೀನು ಹೇಳೋದು ಸರಿನೇ, ಆದ್ರೂ..." ಅಂತ ದಿನಾ ಎಳೆಯಲ್ವಾ? ತೊಂದರೆ ಏನಂದ್ರೆ, ಆ ಮೆತ್ತಗಿನ "ಅಲ್ಲಾ" ಇಂಗ್ಲಿಷಿಗೆ ಹೋಗುವಾಗ "ನೋ ನೋ" ಆಗಿಬಿಡುತ್ತೆ. ನಮ್ಮ "ಅಲ್ಲಾ" ಎಷ್ಟೋ ಸಲ ಬರೀ ಮಾತಿನ ಪೀಠಿಕೆ. ಅವರ "ನೋ" ನಿರಾಕರಣೆ. ಇದೊಂದನ್ನ ತಿದ್ದಿದ್ರೂ ಸಾಕಿತ್ತು, ಆದ್ರೆ ಜೆರಾಕ್ಸ್‌ನಲ್ಲಿ ಇದಿಲ್ಲ.

ಇನ್ನೊಂದು ಉಪದೇಶ: "ಜೊತೆಗಾರನಿಗಿಂತ ಜಾಸ್ತಿ ಮಾತಾಡು." ಶುದ್ಧ ಸುಳ್ಳು. ಇಬ್ಬರಿಗೂ ಪ್ರತ್ಯೇಕ ಅಂಕ, ಒಬ್ಬರನ್ನ ಇನ್ನೊಬ್ಬರ ಜೊತೆ ತೂಗೋದಿಲ್ಲ. ಎರಡು ನಿಮಿಷ ಒಬ್ಬನೇ ನುಂಗಿದ್ರೆ, ಸಂವಾದ ಮಾಡಬಲ್ಲೆ ಅಂತ ತೋರಿಸೋ ಅವಕಾಶವನ್ನ ಅವನೇ ಕಳ್ಕೊಂಡ ಹಾಗೆ.

ಅಂಥವನ ಪಕ್ಕ ಕೂತವರು ಏನು ಮಾಡಬೇಕು? ಅವನು ಪೂರ್ತಿ ಸುಮ್ಮನಾಗ್ಲಿ ಅಂತ ಕಾಯಬಾರದು, ಆಗಲ್ಲ. ಹತ್ತು ಭಾಷೆಗಳ ಮಾತುಕತೆ ಅಳೆದು 2009ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಒಬ್ಬರು ಪ್ರಶ್ನೆ ಕೇಳಿ ಇನ್ನೊಬ್ಬರು ಉತ್ತರ ಕೊಡೋ ನಡುವಿನ ಅಂತರ ಸರಾಸರಿ ಸೆಕೆಂಡಿನ ಐದನೇ ಒಂದು ಭಾಗದಷ್ಟೇ. ಜನ ಮಾತು ಮುಗಿಯೋದನ್ನ ಮೊದಲೇ ಊಹಿಸಿ ತಯಾರಾಗಿರ್ತಾರೆ. ನೀವೂ ಅವನ ವಾಕ್ಯ ಮುಗಿಯೋ ಜಾಗ ನೋಡ್ಕೊಂಡು, ಅವನದ್ದೇ ಕೊನೇ ಪದ ಹಿಡ್ಕೊಂಡು ಒಳಗೆ ನುಗ್ಗಿ: "ಸಿನಿಮಾ ಅಂದೆಯಲ್ಲ, ಅದಕ್ಕೆ ಜಾಗ ಎಲ್ಲಿ?" ಜೊತೆಗಾರ ಬಾಯೇ ಬಿಡದವನಾದ್ರೆ "ಡೂ ಯೂ ಅಗ್ರೀ?" ಅಂತ ಕೇಳಿದ್ರೆ "ಯೆಸ್" ಅಂದು ಕೂತ್ಬಿಡ್ತಾನೆ. "ಸಿನಿಮಾನಾ ಕಾಫಿನಾ, ನೀನಾಗಿದ್ರೆ ಯಾವುದಕ್ಕೆ ಬರ್ತಿದ್ದೆ?" ಅಂತ ಕೇಳಿ, ಆಮೇಲೆ ಬಾಯ್ಮುಚ್ಕೊಂಡು ಎರಡು ಕ್ಷಣ ಕಾಯಿರಿ.

ಹಾಂ, ಕೊನೇ ಒಂದು ನಿಮಿಷದ ತೀರ್ಮಾನಕ್ಕೆ ಇಬ್ಬರೂ ಒಂದೇ ಮಾತಿಗೆ ಬರಲೇಬೇಕು ಅಂತ ಯಾವ ನಿಯಮವೂ ಇಲ್ಲ. ಆದ್ರೂ ನಮ್ಮ ಹುಡುಗರು ಹತ್ತೇ ಸೆಕೆಂಡಲ್ಲಿ "ಓಕೆ, ವೈಫೈ" ಅಂತ ಕೈ ಕುಲುಕಿ, ಉಳಿದ ಐವತ್ತು ಸೆಕೆಂಡ್ ಪರೀಕ್ಷಕರ ಮುಖ ನೋಡ್ತಾ ಕೂತಿರ್ತಾರೆ.