ಇರಿವಿಗೆ ಸೂತಕ ಗೊತ್ತಿಲ್ಲ

ಈಗೀಗ ನಮ್ಮ ಬಳಗದಾಗ ಒಂದು ಮಾತು ಭಾಳ ಓಡ್ಯಾಡ್ಲಿಕ್ಕತ್ತದ. "ಇರಿವಿ ಸೈತ ಸತ್ತ ಇರಿವೀನ ಗೂಡಿನ್ಯಾಗ ಇಟ್ಟುಕೊಳ್ಳೂದಿಲ್ಲ, ಹೊತಗೊಂಡು ಹೋಗಿ ದೂರ ಹಾಕಿ ಬರ್ತಾವ. ಅಂದಮ್ಯಾಲೆ ಇರಿವಿಗೂ ಸೂತಕ ಅದ. ಹಿರಿಯರು ಮಾಡಿಟ್ಟಿದ್ದೆಲ್ಲಾ ವಿಜ್ಞಾನನ ನೋಡ್ರಿ." ಬರೇ ಮಾತಾಗಿದ್ದರ ನಾ ಸುಮ್ಮನಿರತಿದ್ದೆ. ಆದರ ಇದನ್ನ ಹೇಳೂದು ಯಾವಾಗ ಅಂದ್ರ, ಗಂಡ ಹೋಗಿ ತಿಂಗಳಾಗಿಲ್ಲದ ಕಾಕುಗೆ "ನೀವು ಅಡಗಿಮನಿಯೊಳಗ ಬರಬ್ಯಾಡ್ರಿ, ಅಲ್ಲೇ ಕೂಡ್ರಿ" ಅನ್ನೂ ಮುಂದ. ಹದಿಮೂರು ದಿನ ಮುಗದು ಎಲ್ಲಾ ಶುದ್ಧಿ ಆದಮ್ಯಾಲೂ ಆಕೀನ್ನ ಅರಿಷಿಣ-ಕುಂಕುಮಕ್ಕ ಕರೀಬಾರದು ಅನ್ನೂ ಮುಂದ. ಆವಾಗ ಪಾಪದ ಇರಿವೀನ ಸಾಕ್ಷಿಗೆ ನಿಲ್ಲಸತಾರ.

ಇರಿವಿ ಸತ್ತವರನ್ನ ಹೊರಗ ಒಯ್ಯೂದು ಖರೆ. ಅದಕ್ಕ ಸೂತಕ ಅನ್ನೂದು ಸುಳ್ಳು. ಯಾಕ ಅಂತ ಹೇಳತೀನಿ, ಸ್ವಲ್ಪ ಸಮಾಧಾನದಿಂದ ಓದ್ರಿ.

ಮೊದಲ ಗೂಡಿನ್ಯಾಗ ಖರೇನ ಏನಾಗತದ ಅನ್ನೂದು. ಒಂದು ಇರಿವಿ ಸತ್ತು ಬಿತ್ತು ಅಂತ ಇಟಗೋರಿ. ಕೆಲವು ಜಾತಿಯೊಳಗ ಒಂದು ದಿನ, ಎರಡು ದಿನ ಅದರ ಕಡೆ ಯಾರೂ ತಿರುಗಿ ಸೈತ ನೋಡೂದಿಲ್ಲ. ಅದರ ಪಕ್ಕದಿಂದನ ಹೋಗತಾವ, ಬರ್ತಾವ, ಮರಿಗೆ ತಿನ್ನಸತಾವ. ಅಳೂದಿಲ್ಲ, ಬೆಚ್ಚೂದಿಲ್ಲ, ಮುಟ್ಟಿದರ ಮೈಲಿಗಿ ಅಂತ ಸರಿಯೂದೂ ಇಲ್ಲ. ಆಮ್ಯಾಲೆ ಒಮ್ಮಿಂದೊಮ್ಮೆ ಯಾವುದೋ ಒಂದು ಇರಿವಿ ಬಂದು ಮೀಸಿಲೇ ಮುಟ್ಟಿ ನೋಡಿ, ಬಾಯಾಗ ಕಚಗೊಂಡು ಎತ್ತಿ, ಹೊರಗ ಅವುಗಳದ್ದ ಒಂದು ಕಸದ ಗುಡ್ಡಿ ಇರತದಲ್ಲ, ಅಲ್ಲಿ ಒಗದು ವಾಪಸ್ ಬರ್ತದ. ಕಾಳಿನ ಸಿಪ್ಪಿ, ತಿಂದು ಬಿಟ್ಟ ಹುಳದ ಕಾಲು, ಸತ್ತ ತಂಗಿ, ಎಲ್ಲಾ ಒಂದ ಗುಡ್ಡಿಗೆ. (ತಂಗಿ ಅಂತ ಸುಮ್ಮನ ಅನ್ನಲಿಲ್ಲ. ಗೂಡಿನ್ಯಾಗ ಕೆಲಸ ಮಾಡೂ ಇರಿವಿ ಎಲ್ಲಾ ಹೆಣ್ಣ. ಹೆಣಾ ಹೊರೂವಕೀನೂ ಹೆಣ್ಣ. ಹೆಣ್ಣಮಕ್ಕಳು ಸ್ಮಶಾನಕ್ಕ ಹೋಗಬಾರದು ಅನ್ನೋರು ಇರಿವಿ ಉದಾಹರಣಿ ಕೊಡೂ ಮೊದಲ ಇಷ್ಟು ತಿಳಕೊಂಡಿದ್ದರ ಚಲೋ ಇತ್ತು.)

ಸತ್ತ ಕೂಡಲೆ ಒಯ್ಯದನ ಎರಡು ದಿನ ಬಿಟ್ಟು ಯಾಕ ಒಯ್ತಾವ? ಇದನ್ನ ಅಮೆರಿಕಾದ ಎಡ್ವರ್ಡ್ ವಿಲ್ಸನ್ ಅನ್ನೋ ಇರಿವಿ ವಿಜ್ಞಾನಿ ಮತ್ತ ಅವರ ಇಬ್ಬರು ಜೊತೆಗಾರರು ಹುಡುಕಿ 1958ರಾಗ ಬರದರು. ಅವರು ನೋಡಿದ್ದು ಫ್ಲಾರಿಡಾದ ಕಡೆ ಇರೂ, ಬೀಜ ಆರಿಸಿ ಕೂಡಿಡೂ ಒಂದು ಜಾತಿ. ಸತ್ತು ಹಳೇದಾದ ಇರಿವಿಯ ರಸಾ ತಗದು ಸಣ್ಣ ಕಾಗದದ ಚೂರಿಗೆ ಹಚ್ಚಿ ಗೂಡಿನ್ಯಾಗ ಇಟ್ಟರು. ಇರಿವಿಗಳು ಬಂದು ಆ ಕಾಗದಾನ ಎತಗೊಂಡು ಹೋಗಿ ಕಸದ ಗುಡ್ಡಿ ಮ್ಯಾಲೆ ಹಾಕಿ ಬಂದವು. ಹೆಣಾ ಇಲ್ಲ, ಕಾಲಿಲ್ಲ, ತಲಿ ಇಲ್ಲ, ಬರೇ ಕಾಗದ. ಆದರೂ ಅವುಗಳ ಲೆಕ್ಕದಾಗ ಅದು ಹೆಣನ.

ಆ ರಸದಾಗ ಇರೂ ಯಾವ ವಾಸನಿ ಈ ಕೆಲಸ ಮಾಡಸತದ ಅಂತ ಒಂದೊಂದ ಹಚ್ಚಿ ನೋಡಿದರು. ಕೊಳತ ಮೀನಿನ ವಾಸನಿ, ಹೇಲಿನ ವಾಸನಿ, ನಮಗ ಮೂಗು ಮುಚಗೊಳ್ಳೂವಂಥಾವು ಎಲ್ಲಾ ಆದವು. ಕಡೀಕ ಸಿಕ್ಕಿದ್ದು ಓಲೀಕ್ ಆಮ್ಲ. ಹೆಸರು ಕೇಳಿ ಹೆದರಬ್ಯಾಡ್ರಿ, ನಮ್ಮ ಶೇಂಗಾ ಎಣ್ಣಿಯೊಳಗ ದೊಡ್ಡ ಪಾಲು ಅದ. ಎಣ್ಣಿಯೊಳಗ ಅದು ಬ್ಯಾರೇದರ ಜೋಡಿ ಕಟಗೊಂಡು ಕೂತಿರತದ, ಬಿಡಿಯಾಗಿ ಇರೂದಿಲ್ಲ. ಇರಿವಿ ಮೈಯಾಗೂ ಹಂಗ ಕೊಬ್ಬು ಇರತದ. ಸತ್ತಮ್ಯಾಲೆ ಆ ಕೊಬ್ಬು ಒಡದು ಓಲೀಕ್ ಆಮ್ಲ ಬಿಡಿಯಾಗಿ ಹೊರಗ ಬರ್ತದ. ಅದಕ್ಕ ಒಂದೆರಡು ದಿನ ಬೇಕು. ಅದಕ್ಕನ ಅಲ್ಲೀತನಕ ಸತ್ತದ್ದು ಸತ್ತದ್ದಂತ ಯಾರಿಗೂ ಗೊತ್ತಾಗೂದಿಲ್ಲ.

ಇನ್ನ ಮುಂದಿನದ್ದು ಓದಿದಾಗ ನನಗ ಎದಿ ಧಸ್ ಅಂತು. ವಿಲ್ಸನ್ ಅವರು ಜೀವಂತ, ಗಟ್ಟಿಮುಟ್ಟಾದ ಇರಿವಿ ಹಿಡದು ಅದಕ್ಕ ಓಲೀಕ್ ಆಮ್ಲ ಒರಸಿ ಬಿಟ್ಟರು. ಬಾಜೂಕಿನ ಇರಿವಿಗಳು ಬಂದು ಅದನ್ನ ಎತ್ತಿದವು. ಅದು ಕಾಲು ಝಾಡಿಸಿತು, ಒದ್ದಾಡಿತು. ಹೊತ್ತಾಕಿಗೆ ಅದರ ಪರಿವಿಲ್ಲ. ಒಯ್ದು ಹೆಣದ ಗುಡ್ಡಿ ಮ್ಯಾಲೆ ಒಗದು ಬಂದಳು. ಅದು ಅಲ್ಲೇ ಕೂತು ಕಾಲು, ಮೀಸಿ, ಮೈ ಎಲ್ಲಾ ತಿಕ್ಕಿ ತೊಳಕೊಂಡು ತಿರುಗಿ ಬಂತು. ಸರಿಯಾಗಿ ಸ್ವಚ್ಛ ಆಗಿರಲಿಲ್ಲಂದ್ರ ಮತ್ತ ಹೊತ್ತು ಒಯ್ದವು. ವಾಸನಿ ಪೂರಾ ಹೋದಮ್ಯಾಲೆ ಮೊದಲಿನಂಗ ಒಳಗ, ಮೊದಲಿನಂಗ ಕೆಲಸ. ಮತ್ತ ಯಾರೂ ಹೊರಗ ಕೂಡಸಲಿಲ್ಲ.

ಈಗ ಹೇಳ್ರಿ, ಇದರಾಗ ಸತ್ತವರಿಗೆ ಮರ್ಯಾದಿ ಎಲ್ಲದ? ಸೂತಕ ಎಲ್ಲದ? ಇರಿವಿ ಜೀವ ಅದನೋ ಇಲ್ಲೋ ನೋಡಲಿಲ್ಲ, ಹಚ್ಚಿದ ವಾಸನಿ ನೋಡಿತು. ಜೀವಂತ ಇದ್ದಾಕೀಗೆ ಮಂದಿ ಒಂದು ವಾಸನಿ ಒರಸಿ ಬಿಟ್ಟರ, ಆಕಿ ಎಷ್ಟ ಒದ್ದಾಡಲಿ, ಹೆಣದ ಲೆಕ್ಕದಾಗ ಹೋದಳು. ಇದು ನಮಗ ಮಾದರಿ ಅಂತ ಹೇಳೋರು ಏನು ಹೇಳಲಿಕ್ಕತ್ತಾರ ಅನ್ನೂದು ಅವರಿಗೆ ತಿಳದದೇನು? ಇರಿವಿಗೆ ಕಣ್ಣು ಮಂದ, ಕತ್ತಲಿ ಗೂಡು, ಅದಕ್ಕ ವಾಸನಿ ಬಿಟ್ಟರ ಬ್ಯಾರೆ ದಾರಿ ಇಲ್ಲ. ನಮಗ ಹಂಗಲ್ಲಲ್ಲ?

ಆ ವಾಸನಿಯ ಅರ್ಥನೂ ಒಂದ ಇಲ್ಲ. ಡೆಬೊರಾ ಗಾರ್ಡನ್ ಅನ್ನೋ ವಿಜ್ಞಾನಿ 1983ರಾಗ ಅದ ಜಾತಿ ಇರಿವಿ ಮುಂದ ಓಲೀಕ್ ಆಮ್ಲ ಹಚ್ಚಿದ ಚೂರು ಇಟ್ಟು ನೋಡಿದರು. ಕಸಾ ತಗಿಯೂ ಹೊತ್ತಿನ್ಯಾಗ ಇಟ್ಟರ ಅದನ್ನ ಕಸಕ್ಕ ಹಾಕಿದವು. ಕಾಳು ತರೂ ಹೊತ್ತಿನ್ಯಾಗ ಇಟ್ಟರ ಊಟ ಅಂತ ತಿಳದು ಗೂಡಿನೊಳಗ ಒಯ್ದವು! ಬೀಜದಾಗೂ ಅದ ಕೊಬ್ಬು ಇರತದ ನೋಡ್ರಿ. ಸೂತಕ ಆಗಿದ್ದರ ಮುಂಜಾನಿ ಮೈಲಿಗಿ, ಮಧ್ಯಾಹ್ನ ಪ್ರಸಾದ ಆಗತಿತ್ತೇನು?

ಎಲ್ಲಾ ಜಾತಿಯೊಳಗೂ ಎರಡು ದಿನ ಕಾಯತಾವ ಅಂತಲ್ಲ. ಕ್ಯಾಲಿಫೋರ್ನಿಯಾದಾಗ ಮನಿ ಮನಿಗೂ ನುಗ್ಗೂ ಅರ್ಜೆಂಟೀನಾ ಇರಿವಿ ಅದ. ಅದು ಸತ್ತ ಒಂದು ತಾಸಿನೊಳಗನ ಹೆಣಾ ಎತ್ತಿ ಬಿಡತದ, ಇನ್ನೂ ಕೊಳತಿರೂದಿಲ್ಲ. ಡಾಂಗ್-ಹ್ವಾನ್ ಚೋ ಅನ್ನೋರು ಜೊತೆಗಾರರ ಕೂಡ 2009ರಾಗ ಇದರ ಗುಟ್ಟು ಹೇಳಿದರು. ಜೀವಂತ ಇರಿವಿ ಮೈಮ್ಯಾಲೆ "ನಾ ಇನ್ನೂ ಅದೀನಿ" ಅಂತ ಹೇಳೂವಂಥ ಎರಡು ಪದಾರ್ಥ ಇರತಾವ. ಸತ್ತ ಮ್ಯಾಲೆ ಅವು ತಾಸಿನೊಳಗ ಆರಿ ಹೋಗತಾವ. ಅವು ಇರೂತನಕ ಯಾರೂ ಎತ್ತೂದಿಲ್ಲ, ಹೋದವಂದ್ರ ಎತ್ತತಾವ. ಅಂದ್ರ ಒಂದು ಜಾತಿ ಸಾವಿನ ವಾಸನಿ ಬಂತು ಅಂತ ಒಯ್ತದ, ಇನ್ನೊಂದು ಜೀವದ ವಾಸನಿ ಹೋತು ಅಂತ ಒಯ್ತದ.

ಇನ್ನ ದೂರ ಯಾಕ? ಇಲ್ಲೆ ಮಾತ್ರ ಸೂತಕದವರು ನನ್ನ ಹಿಡೀಬೇಕು ಅಂತ ಕಾಯತಿರತಾರ, "ರೋಗಕ್ಕ ಅಲ್ಲೇನು?" ಅಂತ. ಹೌದು, ರೋಗಕ್ಕನ. ಇರಿವಿಗೆ ದೊಡ್ಡ ವೈರಿ ಅಂದ್ರ ಬೂಷ್ಟು. ಮೆಟರೈಝಿಯಂ ಅಂತ ಒಂದು ಬೂಷ್ಟು ಅದ, ಕಬ್ಬಿನ ಗೊಣ್ಣಿಹುಳಕ್ಕ ಹಾಕಲಿಕ್ಕೆ ರೈತರು ತರೂದು ಅದನ್ನ. ಅದರ ಬೀಜ ಇರಿವಿ ಮೈಗೆ ಅಂಟಿ, ಚರ್ಮ ತೂರಿ ಒಳಗ ಹೋಗಿ ಕೊಲ್ಲತದ. ಸತ್ತ ಕೂಡಲೆ ಆ ಹೆಣದಿಂದ ಅಪಾಯ ಕಡಿಮಿ. ಕೆಲವು ದಿನದ ಮ್ಯಾಲೆ ಬೂಷ್ಟು ಹೆಣದ ಹೊರಗ ಒಡದು ಹಸರು ಪುಡಿ ಬಿಡತದಲ್ಲ, ಆವಾಗ ಪಕ್ಕದವರಿಗೆಲ್ಲಾ ಅಂಟತದ. ಸಾವಿರಾರು ಅಕ್ಕ-ತಂಗೇರು ಮೈಗೆ ಮೈ ಹಚ್ಚಿ, ಒಬ್ಬರನ್ನೊಬ್ಬರು ನೆಕ್ಕಿಕೋತ, ಬೆಚ್ಚಗಿನ ಹಸಿ ಮಣ್ಣಾಗ ಇರೂ ಮನಿ ಅದು. ಅದಕ್ಕ ಪುಡಿ ಒಡಿಯೂದರೊಳಗ ಹೊರಗ ಹಾಕಬೇಕು, ಓಡ್ಯಾಡೂ ದಾರಿಯಿಂದ ದೂರ ಹಾಕಬೇಕು. ಬ್ರಸೆಲ್ಸ್‌ನ ವಿಜ್ಞಾನಿಗಳು ಒಂದು ಕೆಂಪಿರಿವಿ ಜಾತಿಯೊಳಗ ಹೆಣಾ ಒಯ್ಯಲಿಕ್ಕೆ ಅಡ್ಡಿ ಮಾಡಿ ನೋಡಿದರು. ಅಂಥಾ ಗೂಡಿನ್ಯಾಗ ದಿನ ಹೋದಂಗ ಸಾಯೋ ಕೆಲಸಗಾರರು ಹೆಚ್ಚಾದರು. 2014ರಾಗ ಇದು ಅಚ್ಚಾತು. ಹೊರಗ ಒಯ್ಯಲಿಕ್ಕೆ ದಾರೀನ ಇಲ್ಲದಿದ್ದರ, ಅಂದ್ರ ಹೊಸ ಗೂಡು ಮುಚಗೊಂಡು ಕೂತ ಎರಡು ರಾಣಿಯೊಳಗ ಒಬ್ಬಾಕಿ ಸತ್ತರ, ಕೆಲವು ಜಾತಿಯೊಳಗ ಉಳದಾಕಿ ಆ ಹೆಣಾ ಕಡದು ತುಂಡು ಮಾಡಿ ಅಲ್ಲೇ ಹುಗಿತಾಳ.

ಖರೆ, ರೋಗದ ಭಯ. ಹಂಗಾದರ ನಮ್ಮ ಸೂತಕಾನ ಅದ ತಕ್ಕಡಿಯೊಳಗ ಹಾಕಿ ತೂಗ್ರಿ. ಹೆಣಾ ಮುಟ್ಟಿದವರು ಸ್ನಾನ ಮಾಡಿದರು, ಬಟ್ಟಿ ಒಗದರು. ಅಲ್ಲಿಗೆ ಮುಗೀಬೇಕಲ್ಲ? ಮುಗಿಯೂದಿಲ್ಲ. ಪುಣೆದಾಗ ಇರೂ ಭಾವಕಿಯವರಿಗೆ ಫೋನಿನ್ಯಾಗ ಸುದ್ದಿ ಹೋದರ ಸಾಕು, ಅವರಿಗೆ ಹತ್ತು ದಿನ. ಅದ ಮನಿಯೊಳಗ ಅಪ್ಪನ ಪಕ್ಕದಾಗ ಕೂತು ಔಷಧ ಕುಡಿಸಿ, ಕೈಯಾರೆ ಮೈ ಒರಸಿದ ಮದಿವಿಯಾದ ಮಗಳಿಗೆ ಮೂರ ದಿನ. ಯಾವ ಬೂಷ್ಟು ಗೋತ್ರ ಕೇಳತದ್ರೀ? ಯಾವ ರೋಗ ಫೋನಿನ್ಯಾಗ ಬರ್ತದ? ಕೂಸು ಹುಟ್ಟಿದರೂ ಹತ್ತು ದಿನ ವೃದ್ಧಿ ಅಂತೀವಿ, ಅದಕ್ಕ ಯಾವ ಇರಿವೀನ ಸಾಕ್ಷಿ ತರ್ತೀರಿ?

ಒಂದು ಮಾತು ಅವರ ಪರವಾಗಿ ನಾನ ಹೇಳತೀನಿ, ಮುಚ್ಚಿಡೂದು ಬ್ಯಾಡ. ಅಮೆರಿಕಾ ಖಂಡದಾಗ ಎಲಿ ಕತ್ತರಿಸಿ ಬೂಷ್ಟಿನ ತೋಟ ಮಾಡೂ ಇರಿವಿಗಳೊಳಗ, ಕಸದ ಕೋಣ್ಯಾಗ ಕೆಲಸ ಮಾಡೂ ಇರಿವೀನ ತೋಟದವರು ಒಳಗ ಬಿಡೂದಿಲ್ಲ, ಮೈಮ್ಯಾಲೆ ಏರಿ ಹೋಗತಾವ. ಅದು ಯಾಕಂದ್ರ ಆಕಿ ದಿನಾ ಕೊಳತ ಕಸದಾಗನ ಇರ್ತಾಳ, ತೋಟ ಹಾಳು ಮಾಡೂ ರೋಗ ಆಕಿ ಮೈಮ್ಯಾಲೆ ಖರೇನ ಇರಬಹುದು. ನಮ್ಮ ಕಾಕು ಮೈಮ್ಯಾಲೆ ಏನದ? ಹಣಿಮ್ಯಾಲೆ ಕುಂಕುಮ ಇಲ್ಲ, ಅಷ್ಟ.

ನನ್ನ ಮಾತು ನಂಬಬ್ಯಾಡ್ರಿ, ಹಿತ್ತಲದಾಗ ನೀವ ನೋಡ್ರಿ. ಒಂದು ಇರಿವಿ ಇನ್ನೊಂದು ಇರಿವೀನ ಹೊತಗೊಂಡು ಹೊಂಟಿದ್ದು ಕಂಡರ ಕೂಡಲೆ "ಅಯ್ಯ, ಶವಯಾತ್ರಿ" ಅನಬ್ಯಾಡ್ರಿ. ಯಾವ ಕಡೆ ಹೊಂಟದ ನೋಡ್ರಿ. ಗೂಡಿನಿಂದ ಹೊರಗ ಹೊಂಟು, ಕಸದ ಹಂತ್ಯಾಕೋ ದೂರೋ ಒಗದು ಬರೇ ಬಾಯಿಲೇ ವಾಪಸ್ ಬಂದರ ಅದು ಈ ಕೆಲಸ. ಹೊರಗಿನಿಂದ ಗೂಡಿನೊಳಗ ಹೊಂಟಿದ್ದರ ಅದು ಬ್ಯಾರೆ ಗೂಡಿನ ಹೆಣಾ ಇರಬಹುದು, ಅವತ್ತಿನ ಊಟ. ಹೊತ್ತದ್ದು ಮುದುಡಿಕೊಂಡು ಅಲಗಾಡದ ಇದ್ದರೂ ಸತ್ತದಂತ ತಿಳೀಬ್ಯಾಡ್ರಿ. ಗೂಡು ಬದಲಿ ಮಾಡೂವಾಗ ಜೀವಂತ ಇದ್ದವರನ್ನೂ ಹಂಗ ಹೊತಗೊಂಡು ಹೋಗತಾವ, ಹೊತ್ತಾಕೀಗೆ ತ್ರಾಸ ಆಗಬಾರದಂತ ಇವು ಕಾಲು ಮಡಚಿಕೊಂಡು ಸುಮ್ಮನಿರತಾವ.

ಬರೂ ಶುಕ್ರವಾರ ಸಂಜಿಕೆ ನಮ್ಮ ಮನ್ಯಾಗ ಅರಿಷಿಣ-ಕುಂಕುಮ ಅದ. ಕಾಕುಗೂ ಹೇಳೀನಿ, ಬರ್ತೀನಿ ಅಂದಾರ. ಉಡಿ ಮೊದಲ ಅವರಿಗೇ ತುಂಬಾಕಿ ನಾನು. ಐದೂವರಿಗೆ ಬರ್ರಿ ಎಲ್ಲಾರೂ, ಗೋಧಿ ಹುಗ್ಗಿ ಮಾಡಸೀನಿ.